ಬೇರೆ ದೇಶದ ರಸ್ತೆಯ ಚಿತ್ರದಲ್ಲಿ ಫಲಕಗಳನ್ನೂ ಗೆರೆಗಳನ್ನೂ ಓದುವ ಕ್ರಮ

ರಸ್ತೆಯ ಒಂದು ಚಿತ್ರ ಕಣ್ಣಿಗೆ ಬಿದ್ದ ಕೂಡಲೇ ಅದರಲ್ಲಿರುವ ಹಳದಿ ಗೆರೆಯನ್ನು ನಾವು ನಮಗೆ ರೂಢಿಯಾದ ಅರ್ಥದಲ್ಲೇ ಓದಿಬಿಡುತ್ತೇವೆ. ಆದರೆ ಅಮೆರಿಕದ ರಸ್ತೆಯ ನಡುವೆ ಹಳದಿ ಗೆರೆ ಇದ್ದರೆ ಅದರ ಆಚೆಗಿರುವುದು ಎದುರು ದಿಕ್ಕಿನ ಸಂಚಾರ. ಬ್ರಿಟನ್ನಿನಲ್ಲಿ ಹಳದಿ ಗೆರೆ ರಸ್ತೆಯ ಅಂಚಿಗೆ ಬರುತ್ತದೆ, ವಾಹನ ನಿಲ್ಲಿಸುವುದಕ್ಕಿರುವ ನಿರ್ಬಂಧವನ್ನು ತಿಳಿಸುತ್ತದೆ. ಜರ್ಮನಿಯಲ್ಲಿ ಕಾಮಗಾರಿ ನಡೆಯುವ ಜಾಗದಲ್ಲಿ ಎಳೆದ ಹಳದಿ ಗೆರೆ ತಾತ್ಕಾಲಿಕವಾದದ್ದು. ಅದು ಇರುವಷ್ಟು ದಿನ ಪಕ್ಕದ ಬಿಳಿ ಗೆರೆಗಳು ಲೆಕ್ಕಕ್ಕಿಲ್ಲ. ಜಪಾನಿನಲ್ಲಿ ರಸ್ತೆಯ ನಡುವಿನ ಅಖಂಡ ಹಳದಿ ಗೆರೆ, ಓವರ್‌ಟೇಕ್ ಮಾಡಲು ತನ್ನನ್ನು ದಾಟಬಾರದೆಂದು ಹೇಳುತ್ತದೆ. ಬಣ್ಣ ಒಂದೇ ಆಗಿದ್ದರೂ ನಾಲ್ಕು ದೇಶಗಳಲ್ಲಿ ಅದು ನಾಲ್ಕು ಬೇರೆ ಮಾತುಗಳನ್ನಾಡುತ್ತದೆ.

ಆದ್ದರಿಂದ ಇಂಥ ಚಿತ್ರವನ್ನು ಓದುವಾಗ ಕ್ರಮಕ್ಕೆ ಬಹಳ ಬೆಲೆ ಇದೆ. ಚಿತ್ರ ನೆಟ್ಟಗಿದೆಯೇ ಎಂಬುದನ್ನು ಮೊದಲು ನೋಡಬೇಕು. ಬಳಿಕ ವಾಹನಗಳು ಯಾವ ಬದಿಯಲ್ಲಿ ಚಲಿಸುತ್ತಿವೆ, ಫಲಕಗಳು ಯಾವ ಪದ್ಧತಿಗೆ ಸೇರಿವೆ ಎಂಬುದನ್ನು ತಿಳಿದುಕೊಳ್ಳಬೇಕು. ಅಷ್ಟಾದ ಮೇಲೆಯೇ ಗೆರೆಗಳ ಕಡೆ ಹೊರಳಬೇಕು. ಅಲ್ಲಿಯೂ ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಚಿತ್ರವೊಂದಕ್ಕೆ ಅಡಿಬರಹ ಬರೆಯುವವರಿಗೂ, ‘ಈ ಚಾಲಕ ನಿಯಮ ಮುರಿದಿದ್ದಾನೆ’ ಎಂಬ ಮಾತಿನೊಂದಿಗೆ ಹರಿದಾಡುವ ಚಿತ್ರವನ್ನು ಪರಿಶೀಲಿಸುವವರಿಗೂ ಈ ಕ್ರಮ ಒಂದೇ.

ಚಿತ್ರ ನೆಟ್ಟಗಿದೆಯೇ, ಸಂಚಾರ ಯಾವ ಬದಿಗಿದೆ

ಮೊಬೈಲಿನ ಮುಂಬದಿಯ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ಕೆಲವು ಫೋನುಗಳಲ್ಲಿ ಕನ್ನಡಿಯ ಪ್ರತಿಬಿಂಬದಂತೆ ಎಡಬಲ ಅದಲುಬದಲಾಗಿ ಉಳಿಯುತ್ತವೆ. ಅಂಥ ಚಿತ್ರದಲ್ಲಿ ಬಲಬದಿಯ ಸಂಚಾರ ಎಡಬದಿಯದಾಗಿ ಕಾಣುತ್ತದೆ, ಅಲ್ಲಿಂದ ಮುಂದಿನ ಓದೆಲ್ಲವೂ ತಪ್ಪುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಚಿತ್ರದಲ್ಲಿರುವ ಯಾವುದಾದರೂ ಬರಹವನ್ನು, ಅಂದರೆ ನಂಬರ್ ಪ್ಲೇಟನ್ನೋ ಅಂಗಡಿಯ ಹೆಸರನ್ನೋ ವೇಗಮಿತಿಯ ಅಂಕಿಯನ್ನೋ ದೊಡ್ಡದು ಮಾಡಿ ನೋಡಿ, ಅಕ್ಷರ ತಿರುಗಿದ್ದರೆ ಚಿತ್ರವನ್ನು ಮಗುಚಿಕೊಳ್ಳಬೇಕು. ಲಿಪಿ ಪರಿಚಯವಿಲ್ಲದಿದ್ದರೂ ಅಂಕಿಗಳು ಬಹುಪಾಲು ಕಡೆ ಇದ್ದೇ ಇರುತ್ತವೆ.

ಅನಂತರ ಸಂಚಾರದ ಬದಿ. ಇದಕ್ಕೆ ಚಲಿಸುತ್ತಿರುವ ವಾಹನಗಳೇ ಆಧಾರ. ನಿಂತಿರುವ ವಾಹನಗಳನ್ನು ನಂಬಬಾರದು. ಬ್ರಿಟನ್ನಿನಲ್ಲಿ ಹಗಲು ಹೊತ್ತಿನಲ್ಲಿ ಸಂಚಾರಕ್ಕೆ ಎದುರುಮುಖವಾಗಿ ಕಾರು ನಿಲ್ಲಿಸಲು ಅವಕಾಶವಿರುವುದರಿಂದ, ಒಂದೇ ಸಾಲಿನಲ್ಲಿ ಎರಡು ದಿಕ್ಕಿಗೂ ಮುಖ ಮಾಡಿದ ಕಾರುಗಳನ್ನು ಅಲ್ಲಿನ ಬೀದಿಗಳಲ್ಲಿ ಕಾಣಬಹುದು. ಹೆಡ್‌ಲೈಟು ಕಾಣಿಸುವ ಕಾರು ನಮ್ಮ ಕಡೆಗೆ ಬರುತ್ತಿದೆ, ಕೆಂಪು ಹಿಂದೀಪ ಕಾಣಿಸುವ ಕಾರು ನಮ್ಮಿಂದ ದೂರ ಹೋಗುತ್ತಿದೆ. ಕ್ಯಾಮೆರಾ ರಸ್ತೆಯ ಉದ್ದಕ್ಕೆ ನೋಡುತ್ತಿರುವಾಗ ಬರುವ ಕಾರು ಚಿತ್ರದ ಬಲಭಾಗದಲ್ಲಿದ್ದರೆ ಅದು ಎಡಬದಿಯ ಸಂಚಾರದ ದೇಶ. ಒಂದೇ ಒಂದು ಕಾರನ್ನು ನೋಡಿ ತೀರ್ಮಾನಿಸುವುದು ಅಪಾಯ, ಏಕೆಂದರೆ ಆ ಕಾರು ಇನ್ನೊಂದನ್ನು ಹಿಂದಿಕ್ಕುತ್ತಿರಬಹುದು, ಅಥವಾ ಅದು ಏಕಮುಖ ರಸ್ತೆಯಾಗಿರಬಹುದು.

ಏಕಮುಖ ರಸ್ತೆಯನ್ನು ಗುರುತಿಸಲು ಫಲಕಗಳ ಬೆನ್ನು ನೆರವಾಗುತ್ತದೆ. ಎರಡೂ ದಿಕ್ಕಿಗೆ ಸಂಚಾರವಿರುವ ರಸ್ತೆಯಲ್ಲಿ ಕೆಲವು ಫಲಕಗಳ ಮುಖ, ಕೆಲವುದರ ಬೆನ್ನು ಕಾಣುತ್ತವೆ. ರಸ್ತೆಯುದ್ದಕ್ಕೂ ಒಂದೇ ಬಗೆ ಕಾಣಿಸಿದರೆ ಏಕಮುಖ ಸಂಚಾರವೆಂದು ಅನುಮಾನಿಸಬೇಕು. ಬೆನ್ನು ತೋರುವ ಫಲಕವೂ ಮೂಕವಲ್ಲ. ನಿಲ್ಲಬೇಕೆಂದು ಹೇಳುವ ಫಲಕಕ್ಕೆ ಎಂಟು ಮೂಲೆ, ದಾರಿ ಬಿಡಬೇಕೆಂದು ಹೇಳುವ ಫಲಕಕ್ಕೆ ತಲೆಕೆಳಗಾದ ತ್ರಿಕೋನ ಎಂಬ ಆಕಾರಗಳು ಬಹುತೇಕ ದೇಶಗಳಲ್ಲಿ ಬೇರಾವ ಫಲಕಕ್ಕೂ ಇಲ್ಲ. ಹಿಮ ಮುಚ್ಚಿಕೊಂಡಿದ್ದರೂ, ಹಿಂದಿನಿಂದ ನೋಡಿದರೂ ಗುರುತು ಸಿಗಲಿ ಎಂಬುದು ಈ ಏರ್ಪಾಡಿನ ಉದ್ದೇಶ. ಹಾಗಾಗಿ ಜಂಕ್ಷನ್ನಿನ ಚಿತ್ರದಲ್ಲಿ ಎಂಟು ಮೂಲೆಯ ಬೆನ್ನು ಕಂಡರೆ, ಎದುರಿನಿಂದ ಬರುವವರು ಅಲ್ಲಿ ನಿಲ್ಲಬೇಕೆಂದು ತಿಳಿಯುತ್ತದೆ. ಜಪಾನ್ ಮಾತ್ರ ಇಲ್ಲಿ ಬೇರೆ ದಾರಿ ಹಿಡಿದಿದೆ: ಅಲ್ಲಿ ನಿಲ್ಲಬೇಕೆಂಬ ಫಲಕವೇ ಕೆಂಪು ಬಣ್ಣದ, ತಲೆಕೆಳಗಾದ ತ್ರಿಕೋನ.

ಫಲಕಗಳ ಕುಟುಂಬವನ್ನು ಗುರುತಿಸುವುದು

ಜಗತ್ತಿನ ರಸ್ತೆ ಫಲಕಗಳನ್ನು ಸ್ಥೂಲವಾಗಿ ಎರಡು ಕುಟುಂಬಗಳಾಗಿ ನೋಡಬಹುದು. 1968ರ ವಿಯೆನ್ನಾ ಒಪ್ಪಂದದ ಜಾಡಿನಲ್ಲಿ ಬಂದ ಯೂರೋಪಿನ ಪದ್ಧತಿ ಒಂದು. ಅಮೆರಿಕ ತನ್ನದೇ ಕೈಪಿಡಿಯ ಮೂಲಕ ರೂಪಿಸಿಕೊಂಡ ಪದ್ಧತಿ ಇನ್ನೊಂದು. ಯೂರೋಪಿನ ಪದ್ಧತಿಯಲ್ಲಿ ಚಿಹ್ನೆಗಳು ಹೆಚ್ಚು, ಪದಗಳು ಕಡಿಮೆ. ಅಮೆರಿಕದಲ್ಲಿ ಆಜ್ಞೆಗಳನ್ನು ಬಿಳಿ ಆಯತಾಕಾರದ ಫಲಕದ ಮೇಲೆ ಇಂಗ್ಲಿಷ್ ಪದಗಳಲ್ಲಿ ಬರೆಯುವುದು ಹೆಚ್ಚು.

ಕುಟುಂಬವನ್ನು ಗುರುತಿಸಲು ಎಚ್ಚರಿಕೆಯ ಫಲಕ ಮತ್ತು ವೇಗಮಿತಿಯ ಫಲಕ ಎರಡನ್ನೂ ಹುಡುಕಬೇಕು. ಯೂರೋಪಿನ ಬಹುಪಾಲು ದೇಶಗಳಲ್ಲಿ ಎಚ್ಚರಿಕೆ ಎಂದರೆ ಕೆಂಪು ಅಂಚಿನ ತ್ರಿಕೋನ. ವೇಗಮಿತಿ ಎಂದರೆ ಕೆಂಪು ಬಳೆಯೊಳಗಿನ ಅಂಕಿ. ಅಮೆರಿಕದಲ್ಲಿ ಎಚ್ಚರಿಕೆ ಎಂದರೆ ಮೂಲೆಯ ಮೇಲೆ ನಿಲ್ಲಿಸಿದ ಹಳದಿ ಚೌಕ. ವೇಗಮಿತಿ ಎಂದರೆ ಬಿಳಿ ಆಯತದೊಳಗಿನ ಕಪ್ಪು ಅಂಕಿ. ಒಂದನ್ನೇ ನೋಡಿ ತೀರ್ಮಾನಿಸಿದರೆ ಎಡವುವುದು ಖಚಿತ, ಏಕೆಂದರೆ ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ಐರ್ಲೆಂಡ್ ದೇಶಗಳು ಎಚ್ಚರಿಕೆಗೆ ಹಳದಿ ಚೌಕವನ್ನೂ ವೇಗಮಿತಿಗೆ ಕೆಂಪು ಬಳೆಯನ್ನೂ ಒಟ್ಟಿಗೆ ಬಳಸುತ್ತವೆ.

ಹಳದಿ ಚೌಕ ಕಂಡಾಗ ಇನ್ನೊಂದು ಸಂಗತಿಯನ್ನೂ ನೋಡಿಕೊಳ್ಳಬೇಕು. ಜರ್ಮನಿ, ಫ್ರಾನ್ಸ್ ಮುಂತಾದ ದೇಶಗಳಲ್ಲಿ ಮೂಲೆಯ ಮೇಲೆ ನಿಂತ ಹಳದಿ ಚೌಕವಿದೆ, ಆದರೆ ಅದಕ್ಕೆ ಅಗಲವಾದ ಬಿಳಿ ಅಂಚಿರುತ್ತದೆ, ಒಳಗೆ ಯಾವ ಚಿತ್ರವೂ ಇರುವುದಿಲ್ಲ. ಈ ರಸ್ತೆಗೆ ಆದ್ಯತೆ ಇದೆ, ಅಡ್ಡರಸ್ತೆಗಳಿಂದ ಬರುವವರು ದಾರಿ ಬಿಡಬೇಕು ಎಂಬುದು ಅದರ ಅರ್ಥ. ಅಮೆರಿಕದ ಕಣ್ಣಿನಿಂದ ಇದನ್ನು ಓದಿದವರು ಖಾಲಿ ಎಚ್ಚರಿಕೆ ಫಲಕವೆಂದು ಬಗೆದು, ಜಂಕ್ಷನ್ನಿನಲ್ಲಿ ಯಾರು ತಪ್ಪು ಮಾಡಿದರೆಂಬ ಲೆಕ್ಕವನ್ನೇ ತಲೆಕೆಳಗು ಮಾಡಿಬಿಡುತ್ತಾರೆ. ಒಳಗೆ ಕಪ್ಪು ಚಿತ್ರವೋ ಬರಹವೋ ಇದ್ದರೆ ಎಚ್ಚರಿಕೆ. ಏನೂ ಇಲ್ಲದೆ ಬಿಳಿ ಅಂಚು ಮಾತ್ರ ಇದ್ದರೆ ಆದ್ಯತೆ.

ದಾರಿ ತೋರಿಸುವ ದೊಡ್ಡ ಫಲಕಗಳ ಹಿನ್ನೆಲೆ ಬಣ್ಣವೂ ಸುಳಿವು ಕೊಡುತ್ತದೆ, ಆದರೆ ನಾನು ಅದನ್ನು ಎರಡನೆಯ ಸಾಕ್ಷಿಯಾಗಿ ಮಾತ್ರ ಬಳಸುತ್ತೇನೆ. ಜರ್ಮನಿ, ಫ್ರಾನ್ಸ್, ಬ್ರಿಟನ್ನುಗಳಲ್ಲಿ ಮೋಟಾರು ಹೆದ್ದಾರಿಯ ಫಲಕ ನೀಲಿ. ಇಟಲಿ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿ ಹಸಿರು. ಅದೇ ಹಸಿರು ಬ್ರಿಟನ್ನಿನಲ್ಲಿ ಹೆದ್ದಾರಿಯಲ್ಲದ ಮುಖ್ಯರಸ್ತೆಗಳದ್ದು. ದೇಶ ಯಾವುದೆಂದು ಬೇರೆ ಮೂಲದಿಂದ ಗೊತ್ತಾದ ಮೇಲೆ ಈ ಬಣ್ಣದಿಂದ ರಸ್ತೆಯ ದರ್ಜೆ ತಿಳಿಯುತ್ತದೆ. ಬಣ್ಣದಿಂದಲೇ ದೇಶವನ್ನು ಊಹಿಸಲು ಹೊರಟರೆ ಗೊಂದಲವೇ ಹೆಚ್ಚು.

ಹೆದ್ದಾರಿಯ ಮೇಲ್ಕಮಾನುಗಳಲ್ಲಿ ಬೆಳಕಿನ ಚುಕ್ಕಿಗಳಿಂದ ಮೂಡುವ ಅಂಕಿಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಎಲ್‌ಇಡಿ ದೀಪಗಳು ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಹೊತ್ತಿ ಆರುತ್ತಿರುತ್ತವೆ. ಕ್ಯಾಮೆರಾದ ಶಟರ್ ಬಹಳ ಕಡಿಮೆ ಹೊತ್ತು ತೆರೆದಿದ್ದರೆ ಅಂಕಿಯ ಒಂದು ಭಾಗ ಚಿತ್ರದಲ್ಲಿ ಮೂಡುವುದೇ ಇಲ್ಲ. 80 ಎಂಬುದು 30ರಂತೆ ಕಾಣಬಹುದು, ಫಲಕ ಪೂರ್ತಿ ಆರಿದಂತೆಯೂ ಕಾಣಬಹುದು. ಪಕ್ಕದ ಲೇನ್‌ಗಳ ಮೇಲಿನ ಅಂಕಿಗಳನ್ನು ಹೋಲಿಸಿ ನೋಡಬೇಕು. ಹೋಲಿಸಲು ಏನೂ ಇಲ್ಲದಿದ್ದರೆ ಆ ಅಂಕಿಯನ್ನು ಆಧಾರವಾಗಿ ಬಳಸಬಾರದು.

ಗೆರೆಗಳು: ಮೊದಲು ಜಾಗ, ಆಮೇಲೆ ವಿನ್ಯಾಸ, ಕೊನೆಗೆ ಬಣ್ಣ

ಗೆರೆಯನ್ನು ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ ಅದು ಎಲ್ಲಿದೆ ಎಂಬುದು. ಎದುರುಬದುರು ಸಂಚಾರದ ನಡುವೆ ಇದೆಯೇ, ಒಂದೇ ದಿಕ್ಕಿನ ಎರಡು ಲೇನ್‌ಗಳ ನಡುವೆ ಇದೆಯೇ, ಅಥವಾ ರಸ್ತೆಯ ಅಂಚಿನಲ್ಲಿದೆಯೇ? ಇದು ಇತ್ಯರ್ಥವಾದರೆ ಗೆರೆಯ ಕೆಲಸ ಅರ್ಧ ತಿಳಿದ ಹಾಗೆ. ಅಂಚಿನಲ್ಲಿರುವ ಗೆರೆ ನಿಲ್ಲಿಸುವುದರ ಬಗ್ಗೆಯೋ ರಸ್ತೆಯ ಎಲ್ಲೆಯ ಬಗ್ಗೆಯೋ ಮಾತನಾಡುತ್ತದೆ. ನಡುವಿನ ಗೆರೆ ದಾಟುವುದರ ಬಗ್ಗೆ ಮಾತನಾಡುತ್ತದೆ.

ಎರಡನೆಯದು ವಿನ್ಯಾಸ. ಅಖಂಡ ಗೆರೆ ದಾಟಬೇಡವೆಂದೂ ತುಂಡು ಗೆರೆ ಎಚ್ಚರದಿಂದ ದಾಟಬಹುದೆಂದೂ ಸೂಚಿಸುವುದು ಬಹುಮಟ್ಟಿಗೆ ಎಲ್ಲೆಡೆಯೂ ನಡೆಯುವ ರೀತಿ. ಅಖಂಡವೂ ತುಂಡೂ ಜೋಡಿಯಾಗಿ ಬಂದರೆ ಯಾವ ಗೆರೆ ವಾಹನಕ್ಕೆ ಹತ್ತಿರವಿದೆಯೋ ಅದನ್ನು ಆ ವಾಹನ ಪಾಲಿಸಬೇಕು. ತುಂಡುಗಳ ಅಳತೆಯಲ್ಲೂ ಅರ್ಥವಿರಬಹುದು. ಬ್ರಿಟನ್ನಿನಲ್ಲಿ ಗಂಟೆಗೆ 40 ಮೈಲಿವರೆಗಿನ ರಸ್ತೆಯಲ್ಲಿ ಸಾಮಾನ್ಯ ನಡುಗೆರೆಯ ತುಂಡು 2 ಮೀಟರ್, ನಡುವಿನ ಬಿಡುವು 4 ಮೀಟರ್. ಮುಂದೆ ಅಪಾಯವಿರುವ ಕಡೆ ಇದು ತಿರುಗುಮುರುಗಾಗಿ ತುಂಡು 4 ಮೀಟರ್, ಬಿಡುವು 2 ಮೀಟರ್ ಆಗುತ್ತದೆ. ಚಿತ್ರದಲ್ಲಿ ಮೀಟರುಗಳನ್ನು ಅಳೆಯುವುದು ಬೇಕಿಲ್ಲ. ತುಂಡು ಬಿಡುವಿಗಿಂತ ಉದ್ದವಾಗಿದೆಯೇ ಗಿಡ್ಡವಾಗಿದೆಯೇ ಎಂದು ನೋಡಿದರೆ ಸಾಕು.

ಆದರೆ ಈ ಹೋಲಿಕೆಯನ್ನು ಕ್ಯಾಮೆರಾಕ್ಕೆ ಹತ್ತಿರವಿರುವ ಮೂರು ನಾಲ್ಕು ತುಂಡುಗಳಲ್ಲಿ ಮಾತ್ರ ಮಾಡಬೇಕು. ದೂರ ಹೋದಂತೆ ಬಿಡುವುಗಳು ಕುಗ್ಗಿ, ತುಂಡು ಗೆರೆ ಒಂದೇ ಅಖಂಡ ಗೆರೆಯಂತೆ ಕಾಣತೊಡಗುತ್ತದೆ. ದೂರದಿಂದ ಜೂಮ್ ಮಾಡಿ ತೆಗೆದ ಚಿತ್ರಗಳಲ್ಲಿ ಇದು ಇನ್ನೂ ಜಾಸ್ತಿ. ‘ಅಖಂಡ ಗೆರೆ ದಾಟಿದ ಕಾರು’ ಎಂಬ ಆರೋಪದೊಂದಿಗೆ ಬರುವ ಚಿತ್ರದಲ್ಲಿ ಆ ಕಾರು ಬಹಳ ದೂರದಲ್ಲಿದ್ದರೆ, ಗೆರೆ ನಿಜಕ್ಕೂ ಅಖಂಡವೇ ಎಂಬುದನ್ನು ಆ ಚಿತ್ರವೊಂದರಿಂದಲೇ ಹೇಳಲು ಬಾರದು. ಮಳೆ ಬಿದ್ದ ರಸ್ತೆಯಲ್ಲಿ ಡಾಂಬರಿನ ಬೆಸುಗೆಗಳೂ, ಅಳಿಸಿದ ಹಳೆಯ ಗೆರೆಗಳ ಗುರುತುಗಳೂ ಹೊಳೆದು ಗೆರೆಗಳಂತೆಯೇ ತೋರುತ್ತವೆ. ನಿಜವಾದ ಗೆರೆಯ ಅಗಲ ಉದ್ದಕ್ಕೂ ಸಮನಾಗಿರುತ್ತದೆ, ಬೆಸುಗೆ ಅಂಕುಡೊಂಕಾಗಿರುತ್ತದೆ.

ಈಗ ಬಣ್ಣ. ಮೊದಲು ಅದು ನಿಜಕ್ಕೂ ಹಳದಿಯೇ ಎಂದು ಖಚಿತ ಮಾಡಿಕೊಳ್ಳಬೇಕು. ಸೋಡಿಯಂ ದೀಪದ ಬೆಳಕಿನಲ್ಲಿ, ಸಂಜೆಯ ಬಿಸಿಲಿನಲ್ಲಿ, ಬಣ್ಣ ಬದಲಿಸುವ ಫಿಲ್ಟರ್ ಹಾಕಿದಾಗ ಬಿಳಿ ಗೆರೆಯೂ ಹಳದಿಯಾಗುತ್ತದೆ. ಅದೇ ಚಿತ್ರದಲ್ಲಿ, ಅದೇ ಬೆಳಕು ಬೀಳುತ್ತಿರುವ, ಬಿಳಿಯೆಂದು ಖಚಿತವಾಗಿ ಗೊತ್ತಿರುವ ಒಂದು ವಸ್ತುವನ್ನು ಹುಡುಕಬೇಕು. ಕೆಂಪು ಬಳೆಯ ಫಲಕದ ಒಳಗಿನ ಬಿಳಿ ಭಾಗ ಇದಕ್ಕೆ ಅನುಕೂಲ, ಆದರೆ ಸ್ವೀಡನ್ ಮತ್ತು ಫಿನ್‌ಲೆಂಡ್‌ಗಳಲ್ಲಿ ಆ ಭಾಗವೇ ಹಳದಿಯಾಗಿರುವುದರಿಂದ ಅಲ್ಲಿ ಅದು ನಡೆಯದು. ನಂಬರ್ ಪ್ಲೇಟನ್ನೂ ಕಣ್ಣುಮುಚ್ಚಿ ಬಳಸುವಂತಿಲ್ಲ. ಬ್ರಿಟನ್ನಿನ ವಾಹನಗಳಿಗೆ ಮುಂದಿನ ಪ್ಲೇಟ್ ಬಿಳಿ, ಹಿಂದಿನದು ಹಳದಿ. ಬಿಳಿ ವಸ್ತುವಿಗೂ ಗೆರೆಗೂ ಒಂದೇ ಛಾಯೆ ಇದ್ದರೆ ಗೆರೆ ಬಿಳಿಯದೇ. ಎಲ್ಲವೂ ಕಿತ್ತಳೆಯಾಗಿ ಕಾಣುವ ರಾತ್ರಿಯ ಚಿತ್ರವಾದರೆ ಬಣ್ಣದ ವಿಚಾರವನ್ನೇ ಬಿಟ್ಟು, ಜಾಗ ಮತ್ತು ವಿನ್ಯಾಸಗಳು ಎಷ್ಟನ್ನು ಹೇಳುತ್ತವೆಯೋ ಅಷ್ಟಕ್ಕೆ ನಿಲ್ಲಬೇಕು.

ಹಳದಿ ಖಚಿತವಾದ ಮೇಲೆ ಅದರ ಅರ್ಥವನ್ನು ದೇಶದೊಂದಿಗೆ ಜೋಡಿಸಬೇಕು. ಅಮೆರಿಕದಲ್ಲಿ ಎದುರುಬದುರು ಸಂಚಾರವನ್ನು ಹಳದಿ ಬೇರ್ಪಡಿಸುತ್ತದೆ, ಒಂದೇ ದಿಕ್ಕಿನ ಲೇನ್‌ಗಳನ್ನು ಬಿಳಿ ಬೇರ್ಪಡಿಸುತ್ತದೆ. ವಿಭಜಕವಿರುವ ಹೆದ್ದಾರಿಯಲ್ಲಿ ಮತ್ತು ಏಕಮುಖ ರಸ್ತೆಯಲ್ಲಿ ಎಡ ಅಂಚಿನ ಗೆರೆಯೂ ಹಳದಿಯೇ. ಹೀಗಾಗಿ ಅಲ್ಲಿನ ಚಾಲಕನಿಗೆ ಹಳದಿ ಸಾಮಾನ್ಯವಾಗಿ ಎಡಗಡೆ ಇರುತ್ತದೆ. ವಾಹನದ ಬಲಕ್ಕೆ ಹಳದಿ ಗೆರೆ ಕಂಡರೆ ಅದು ತಪ್ಪು ದಿಕ್ಕಿನಲ್ಲಿ ಹೋಗುತ್ತಿರಬಹುದು ಎಂದು ಅನುಮಾನಿಸಲು ಕಾರಣವಿದೆ. ನಾರ್ವೆಯಲ್ಲೂ ಎದುರುಬದುರು ಸಂಚಾರದ ನಡುವೆ ಹಳದಿ ಇದೆ. ಆದ್ದರಿಂದ ‘ಯೂರೋಪಿನಲ್ಲಿ ನಡುಗೆರೆ ಬಿಳಿ’ ಎಂಬ ಮಾತನ್ನು ಸೂತ್ರದಂತೆ ಹಿಡಿದುಕೊಳ್ಳಬಾರದು. ಜಪಾನಿನಲ್ಲಿ ಒಂದೇ ದಿಕ್ಕಿನ ಲೇನ್‌ಗಳ ನಡುವೆಯೂ ಹಳದಿ ಬರುತ್ತದೆ, ಅಲ್ಲಿ ಅದು ಲೇನ್ ಬದಲಿಸಬೇಡ ಎನ್ನುತ್ತದೆ. ಅಮೆರಿಕದ ನಿಯಮದಿಂದ ಓದಿದವರಿಗೆ ಆ ರಸ್ತೆಯಲ್ಲಿ ಅರ್ಧ ವಾಹನಗಳು ಎದುರು ದಿಕ್ಕಿಗೆ ನುಗ್ಗಿದಂತೆ ತೋರುತ್ತದೆ. ಸ್ವಿಟ್ಜರ್ಲೆಂಡ್‌ನಲ್ಲಿ ಪಾದಚಾರಿಗಳು ದಾಟುವ ಪಟ್ಟೆಗಳೇ ಹಳದಿ.

ರಸ್ತೆಯ ಮೇಲೆ ಬರೆದ ಪದಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅಮೆರಿಕದಲ್ಲಿ ಒಂದಕ್ಕಿಂತ ಹೆಚ್ಚು ಸಾಲುಗಳಿರುವ ಬರಹದ ಮೊದಲ ಪದವನ್ನು ಚಾಲಕನಿಗೆ ಹತ್ತಿರವಾಗುವಂತೆ ಬರೆಯುತ್ತಾರೆ, ಏಕೆಂದರೆ ವಾಹನ ಮೊದಲು ತಲುಪುವುದು ಅದನ್ನೇ. ಚಿತ್ರದಲ್ಲಿ ಅದು ಕೆಳಗಿನ ಸಾಲಾಗುತ್ತದೆ. ಪುಸ್ತಕದ ಪುಟದಂತೆ ಮೇಲಿನಿಂದ ಓದಿದರೆ ಪದಗಳು ಹಿಂದುಮುಂದಾಗುತ್ತವೆ.

ಒಂದು ಚಿತ್ರವನ್ನು ಪೂರ್ತಿ ಓದಿ ನೋಡುವುದು

ಕ್ರಮವನ್ನು ತೋರಿಸಲೆಂದೇ ಒಂದು ಚಿತ್ರವನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿರುವ ಫಲಕ ಮತ್ತು ಗೆರೆಗಳೆಲ್ಲ ನಿಜವಾದ ರಸ್ತೆಗಳಲ್ಲಿ ಕಾಣುವಂಥವೇ. ಹಸಿರು ಹೊಲಗಳ ನಡುವಿನ ರಸ್ತೆ. ಎಡ ಅಂಚಿನ ಉದ್ದಕ್ಕೂ ಹಳದಿಯ ತುಂಡು ಗೆರೆ, ಅದರ ಆಚೆ ಒಬ್ಬ ಸೈಕಲ್ ಸವಾರ. ನಡುವೆ ಜೋಡಿ ಬಿಳಿ ಗೆರೆ. ನೀಲಿ ಕಾರೊಂದು ಟ್ರ್ಯಾಕ್ಟರನ್ನು ಹಿಂದಿಕ್ಕುತ್ತ ಜೋಡಿ ಗೆರೆಯ ಮೇಲಿದೆ. ಎಡಗಡೆ ತಿರುವನ್ನು ಸೂಚಿಸುವ ಹಳದಿ ಚೌಕದ ಫಲಕ, ಅದರಾಚೆ ಕೆಂಪು ಬಳೆಯೊಳಗೆ 100 ಎಂಬ ಅಂಕಿ. ಇನ್ನೂ ಮುಂದೆ ಎಡಕ್ಕೆ ಒಂದು ಕಿರಿದಾದ ರಸ್ತೆ ಒಡೆಯುತ್ತದೆ. ಅದರ ಬಾಯಲ್ಲಿ ಓರೆಯಾಗಿ ಕಾಣುವ ದುಂಡು ಫಲಕದಲ್ಲಿ ಬಿಳಿಯ ಮೇಲೆ ಹಲವು ಕಪ್ಪು ಓರೆಗೆರೆಗಳಿವೆ. ಚಿತ್ರದ ಅಡಿಬರಹ ಹೀಗಿದೆ: ‘ಅಮೆರಿಕದ ಹಳ್ಳಿ ರಸ್ತೆ. ಹಳದಿ ಗೆರೆ ದಾಟಿ ಎದುರು ಲೇನಿಗೆ ಹೋದ ಸೈಕಲ್ ಸವಾರ, ಜೋಡಿ ಗೆರೆ ದಾಟಿದ ಕಾರು, ಇಬ್ಬರೂ ತಪ್ಪಿತಸ್ಥರು.’

ಫಲಕದ ಅಂಕಿಗಳು ನೇರವಾಗಿವೆ, ಆದ್ದರಿಂದ ಚಿತ್ರ ಮಗುಚಿಲ್ಲ. ದೂರದಲ್ಲಿ ನಮ್ಮ ಕಡೆಗೆ ಬರುತ್ತಿರುವ ಎರಡು ಕಾರುಗಳ ಹೆಡ್‌ಲೈಟುಗಳು ಚಿತ್ರದ ಬಲಭಾಗದಲ್ಲಿವೆ, ಟ್ರ್ಯಾಕ್ಟರಿನ ಬೆನ್ನು ಎಡಭಾಗದಲ್ಲಿದೆ. ಇದು ಎಡಬದಿಯ ಸಂಚಾರ. ಅಡಿಬರಹ ಇಲ್ಲಿಗೇ ಅಲುಗಾಡುತ್ತದೆ, ಆದರೂ ಇಷ್ಟಕ್ಕೇ ಅದನ್ನು ತಳ್ಳಿಹಾಕಬಾರದು. ಅಮೆರಿಕಕ್ಕೆ ಸೇರಿದ ವರ್ಜಿನ್ ದ್ವೀಪಗಳಲ್ಲಿ ವಾಹನಗಳು ಎಡಬದಿಯಲ್ಲೇ ಓಡುತ್ತವೆ.

ಫಲಕಗಳಲ್ಲಿ ಎಚ್ಚರಿಕೆಗೆ ಹಳದಿ ಚೌಕ, ವೇಗಕ್ಕೆ ಕೆಂಪು ಬಳೆ. ಎಡಬದಿಯ ಸಂಚಾರದೊಂದಿಗೆ ಈ ಜೋಡಿ ಬರುವ ದೇಶಗಳು ಕೆಲವೇ. ಅಂಚಿನ ಹಳದಿ ತುಂಡು ಗೆರೆ ಅವುಗಳ ನಡುವೆ ಐರ್ಲೆಂಡನ್ನು ಮುಂದಕ್ಕೆ ತರುತ್ತದೆ. ಖಚಿತಪಡಿಸಿಕೊಳ್ಳಲು ಬರಹವನ್ನು ಹುಡುಕಬೇಕು: 100ರ ಕೆಳಗೆ ಗಂಟೆಗೆ ಕಿಲೋಮೀಟರ್ ಎಂಬುದರ ಸಂಕ್ಷಿಪ್ತ ಅಕ್ಷರಗಳಿವೆ. ಹಸಿರು ದಾರಿಫಲಕದಲ್ಲಿ ಊರಿನ ಹೆಸರು ಎರಡು ಸಲ ಇದೆ. ಮೇಲೆ ಓರೆ ಅಕ್ಷರಗಳಲ್ಲಿ ಐರಿಷ್ ರೂಪ, ಕೆಳಗೆ ನೆಟ್ಟನೆಯ ದೊಡ್ಡ ಅಕ್ಷರಗಳಲ್ಲಿ ಇಂಗ್ಲಿಷ್ ರೂಪ. ಇದು ಐರ್ಲೆಂಡ್ ಗಣರಾಜ್ಯದ ರಸ್ತೆಯೇ. ಗಡಿಯಾಚೆಗಿನ ಉತ್ತರ ಐರ್ಲೆಂಡಿನಲ್ಲಿ ಬ್ರಿಟನ್ನಿನ ಪದ್ಧತಿ ಇದೆ. ಅಲ್ಲಿ ಎಚ್ಚರಿಕೆಗೆ ತ್ರಿಕೋನ, ವೇಗಕ್ಕೆ ಮೈಲಿ, ಅಂಚಿಗೆ ಬಿಳಿ ಗೆರೆ. ಎರಡೂ ಕಡೆಯ ಹೊಲ, ಬೇಲಿ, ಮನೆಗಳು ಒಂದೇ ತರಹ ಇರುವುದರಿಂದ ಆ ಭಾಗದ ಚಿತ್ರಗಳಲ್ಲಿ ರಸ್ತೆಯ ಅಂಚಿನ ಬಣ್ಣವೇ ಅತ್ಯಂತ ಬೇಗ ಉತ್ತರ ಹೇಳುತ್ತದೆ.

ದೇಶ ಗೊತ್ತಾದ ಮೇಲೆ ಗೆರೆಗಳನ್ನು ಓದಬಹುದು. ಐರ್ಲೆಂಡಿನಲ್ಲಿ ಅಂಚಿನ ಹಳದಿ ತುಂಡು ಗೆರೆ ವಾಹನಗಳ ಲೇನ್ ಮುಗಿದು ರಸ್ತೆಯ ಪಕ್ಕದ ಗಟ್ಟಿ ಅಂಚು ಶುರುವಾಗುವ ಜಾಗವನ್ನು ತೋರಿಸುತ್ತದೆ. ಪಾದಚಾರಿಗಳೂ ಸೈಕಲ್ ಸವಾರರೂ ಬಳಸುವ ಜಾಗ ಅದು. ಸವಾರ ಎದುರು ಲೇನಿಗೆ ಹೋಗಿಲ್ಲ. ಅವನು ಇರಬೇಕಾದ ಕಡೆಯಲ್ಲೇ ಇದ್ದಾನೆ. ಅಡಿಬರಹದ ಮೊದಲ ಆರೋಪ ಬಿತ್ತು.

ಕಾರಿನ ವಿಷಯದಲ್ಲಿ ಜೋಡಿ ಗೆರೆಯನ್ನು ಹತ್ತಿರದಿಂದ ನೋಡಬೇಕು. ಕ್ಯಾಮೆರಾಕ್ಕೆ ಸಮೀಪದ ಭಾಗದಲ್ಲಿ ಎಡಗೆರೆ ತುಂಡುತುಂಡಾಗಿದೆ, ಬಲಗೆರೆ ಅಖಂಡವಾಗಿದೆ. ನೀಲಿ ಕಾರು ಎಡ ಲೇನಿನಿಂದ ಹೊರಟು ದೂರ ಹೋಗುತ್ತಿರುವುದರಿಂದ ಅದಕ್ಕೆ ಹತ್ತಿರವಿರುವುದು ತುಂಡು ಗೆರೆ. ಆದ್ದರಿಂದ ಈ ಗೆರೆ ಅದನ್ನು ತಡೆಯುವುದಿಲ್ಲ. ಎದುರಿನಿಂದ ಬರುವ ಕಾರುಗಳನ್ನು ತಡೆಯುತ್ತದೆ. ಆದರೆ ಕಾರು ಇರುವ ಜಾಗದಲ್ಲಿ ಎಡಗೆರೆ ಇನ್ನೂ ತುಂಡಾಗಿಯೇ ಇದೆಯೇ ಎಂಬುದು ಆ ದೂರದಲ್ಲಿ ಸ್ಪಷ್ಟವಿಲ್ಲ, ಮುಂದೆ ತಿರುವೂ ಇದೆ. ತಿರುವು ಸಮೀಪಿಸಿದಂತೆ ಎರಡೂ ಗೆರೆಗಳು ಅಖಂಡವಾಗುವುದು ಸಾಮಾನ್ಯ. ಹಾಗಾಗಿ ಕಾರು ತಪ್ಪು ಮಾಡಿದೆ ಎಂದು ಈ ಚಿತ್ರ ಸಾಬೀತು ಮಾಡುವುದಿಲ್ಲ, ತಪ್ಪು ಮಾಡಿಲ್ಲವೆಂದೂ ಸಾಬೀತು ಮಾಡುವುದಿಲ್ಲ. ಇಲ್ಲಿ ನಿಲ್ಲುವುದೇ ಪ್ರಾಮಾಣಿಕವಾದ ಓದು.

ಚಿತ್ರದ ದಿನಾಂಕ

ಕಿರುರಸ್ತೆಯ ಬಾಯಲ್ಲಿರುವ ದುಂಡು ಫಲಕ ಉಳಿದಿದೆ. ಅದು ಓರೆಯಾಗಿ ಕಾಣುತ್ತಿರುವುದೇ ಒಂದು ಮಾಹಿತಿ. ಅದರ ಮುಖ ಮುಖ್ಯರಸ್ತೆಯಲ್ಲಿ ನೇರ ಹೋಗುವವರ ಕಡೆಗಿಲ್ಲ, ಕಿರುರಸ್ತೆಗೆ ಹೊರಳುವವರ ಕಡೆಗಿದೆ. ನೀಲಿ ಕಾರಿಗೆ ಅನ್ವಯಿಸುವುದು 100. ಓರೆಗೆರೆಗಳ ಫಲಕ ಅದಕ್ಕೆ ಸಂಬಂಧಪಡುವುದಿಲ್ಲ.

ಆ ಫಲಕದ ಅರ್ಥವಾದರೂ ಏನು? ಜರ್ಮನಿಯಲ್ಲಿ ಹಲವು ಓರೆಗೆರೆಗಳ ದುಂಡು ಫಲಕ, ಈವರೆಗೆ ಇದ್ದ ವೇಗಮಿತಿ ಮತ್ತು ಓವರ್‌ಟೇಕ್ ನಿಷೇಧ ಎರಡೂ ಇಲ್ಲಿಗೆ ಮುಗಿದವೆಂದು ಹೇಳುತ್ತದೆ. ಬ್ರಿಟನ್ನಿನಲ್ಲಿ ಒಂದೇ ದಪ್ಪ ಕಪ್ಪು ಓರೆಪಟ್ಟಿಯ ಫಲಕ ರಾಷ್ಟ್ರೀಯ ವೇಗಮಿತಿಯನ್ನು ಸೂಚಿಸುತ್ತದೆ. ಕಾರುಗಳಿಗೆ ಅದು ವಿಭಜಕವಿಲ್ಲದ ರಸ್ತೆಯಲ್ಲಿ ಗಂಟೆಗೆ 60 ಮೈಲಿ, ವಿಭಜಕವಿರುವಲ್ಲಿ 70 ಮೈಲಿ. ಐರ್ಲೆಂಡಿನ ಫಲಕ ಕಿರಿದಾದ ಗ್ರಾಮೀಣ ರಸ್ತೆಗಳಿಗೆ ಮೀಸಲಾದದ್ದು, ಅಲ್ಲಿನ ರೂಢಿಯ ವೇಗಮಿತಿಯನ್ನು ಅಂಕಿಯಿಲ್ಲದೆ ತಿಳಿಸುವಂಥದ್ದು. ಆ ಮಿತಿ ಗಂಟೆಗೆ 80 ಕಿಲೋಮೀಟರ್ ಇತ್ತು. 2025ರ ಫೆಬ್ರುವರಿ 7ರಿಂದ 60ಕ್ಕೆ ಇಳಿಯಿತು. ಫಲಕ ಅದೇ, ಅರ್ಥ ಬದಲಾಗಿದೆ.

ಆದ್ದರಿಂದ ಚಿತ್ರ ಯಾವಾಗಿನದು ಎಂಬುದನ್ನು ತಿಳಿಯದೆ ಕೆಲವು ಫಲಕಗಳನ್ನು ಓದುವುದು ಸಾಧ್ಯವಿಲ್ಲ. ಐರ್ಲೆಂಡ್ ಮೈಲಿಯಿಂದ ಕಿಲೋಮೀಟರಿಗೆ ಬದಲಾದದ್ದು 2005ರ ಜನವರಿ 20ರಂದು. ಅದಕ್ಕೂ ಹಿಂದಿನ ಚಿತ್ರದಲ್ಲಿ ಕೆಂಪು ಬಳೆಯೊಳಗಿನ 60 ಎಂದರೆ ಮೈಲಿ. ಅಮೆರಿಕದಲ್ಲಿ ಹಳದಿ ನಡುಗೆರೆ ಕಡ್ಡಾಯವಾದದ್ದು 1971ರ ಕೈಪಿಡಿಯಿಂದ, ಅದಕ್ಕೆ ಮುಂಚಿನ ಚಿತ್ರಗಳಲ್ಲಿ ಬಿಳಿ ನಡುಗೆರೆ ಕಂಡರೆ ಆಶ್ಚರ್ಯಪಡಬೇಕಿಲ್ಲ. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಎಡದಿಂದ ಬಲಕ್ಕೆ ಬದಲಾಯಿತು, ಸಮೋವಾ 2009ರ ಸೆಪ್ಟೆಂಬರ್ 7ರಂದು ಬಲದಿಂದ ಎಡಕ್ಕೆ ಬಂತು. ಫಿನ್‌ಲೆಂಡ್ 2020ರ ಜೂನ್‌ನಲ್ಲಿ ಜಾರಿಗೆ ಬಂದ ಕಾನೂನಿನಿಂದ ಹಳದಿ ನಡುಗೆರೆಗಳನ್ನು ಬಿಟ್ಟು ಬಿಳಿಗೆ ಹೊರಳಿತು. ರಸ್ತೆಗಳಿಗೆ ಹೊಸ ಬಣ್ಣ ಬಂದದ್ದು ಒಂದೇ ದಿನದಲ್ಲಲ್ಲ, ಹಂತಹಂತವಾಗಿ.

ನಮ್ಮ ಚಿತ್ರದ ಕಾಲವನ್ನು ವಾಹನಗಳಿಂದ ಸ್ವಲ್ಪ ಮಟ್ಟಿಗೆ ಹಿಡಿಯಬಹುದು. ಐರ್ಲೆಂಡಿನ ನಂಬರ್ ಪ್ಲೇಟಿನ ಮೊದಲ ಅಂಕಿಗಳು ವಾಹನ ಮೊದಲು ನೋಂದಣಿಯಾದ ವರ್ಷವನ್ನು ಹೇಳುತ್ತವೆ. 2013ರಿಂದ ಈಚೆಗೆ ಮೂರು ಅಂಕಿಗಳಿದ್ದು, ಮೂರನೆಯದು ವರ್ಷದ ಮೊದಲ ಅರ್ಧವೋ ಎರಡನೆಯ ಅರ್ಧವೋ ಎಂಬುದನ್ನು ತಿಳಿಸುತ್ತದೆ. ನೀಲಿ ಕಾರಿನ ಪ್ಲೇಟು 191ರಿಂದ ಶುರುವಾಗಿದೆ ಎಂದುಕೊಳ್ಳೋಣ, ಆಗ ಚಿತ್ರ 2019ಕ್ಕಿಂತ ಹಿಂದಿನದಲ್ಲ. ಆದರೆ ಅದು ಕೆಳಗಿನ ಎಲ್ಲೆ ಮಾತ್ರ, ಏಕೆಂದರೆ 2019ರ ಕಾರು 2025ರಲ್ಲೂ ಓಡುತ್ತಿರುತ್ತದೆ. ಕಿರುರಸ್ತೆಯ ಮಿತಿ 80 ಇತ್ತೋ 60 ಇತ್ತೋ ಎಂಬುದನ್ನು ಈ ಪ್ಲೇಟಿನಿಂದ ನಿರ್ಧರಿಸಲಾಗದು. 251 ಎಂದು ಶುರುವಾಗುವ ಪ್ಲೇಟು ಕಂಡರೂ ಚಿತ್ರ 2025ರ ಜನವರಿಯದ್ದಾಗಿರಬಹುದು. 252 ಕಂಡರೆ ಮಾತ್ರ 60 ಎಂದು ಧೈರ್ಯವಾಗಿ ಬರೆಯಬಹುದು.

ಚೌಕಟ್ಟಿನ ಹೊರಗೆ ಉಳಿದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬ್ರಿಟನ್ನಿನಲ್ಲೂ ಐರ್ಲೆಂಡಿನಲ್ಲೂ ಅಂಚಿನ ಒಂಟಿ ಅಖಂಡ ಹಳದಿ ಗೆರೆ ನಿರ್ದಿಷ್ಟ ಸಮಯದಲ್ಲಿ ಮಾತ್ರ ನಿಲ್ಲಿಸುವುದನ್ನು ನಿಷೇಧಿಸುತ್ತದೆ; ಆ ಸಮಯವನ್ನು ಹೇಳುವ ಸಣ್ಣ ಫಲಕ ಪಕ್ಕದ ಕಂಬದ ಮೇಲಿರುತ್ತದೆ. ಆ ಫಲಕ ಚಿತ್ರದಲ್ಲಿಲ್ಲದಿದ್ದರೆ, ಅಥವಾ ಚಿತ್ರ ತೆಗೆದ ಗಂಟೆ ತಿಳಿಯದಿದ್ದರೆ, ನಿಂತ ಕಾರು ತಪ್ಪಿತಸ್ಥನೆಂದು ಹೇಳಲು ಆಧಾರವಿಲ್ಲ. ಜರ್ಮನಿಯ ಹಳದಿ ಊರಫಲಕ ದಾಟಿದ ಮೇಲೆ, ಬೇರೆ ಅಂಕಿ ಹಾಕಿಲ್ಲದಿದ್ದರೆ, ಮಿತಿ ಗಂಟೆಗೆ 50 ಕಿಲೋಮೀಟರ್. ಆ ಫಲಕ ಊರಿನ ಬಾಯಲ್ಲಿರುತ್ತದೆ, ಒಳಬೀದಿಯ ಚಿತ್ರದಲ್ಲಿ ಅದು ಕಾಣುವುದಿಲ್ಲ. ಫಲಕವಿಲ್ಲ ಎಂದ ಮಾತ್ರಕ್ಕೆ ಮಿತಿಯಿಲ್ಲ ಎಂದು ಓದಬಾರದು.

ಇಷ್ಟೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಮ್ಮ ಚಿತ್ರಕ್ಕೆ ಬರೆಯಬಹುದಾದ ಅಡಿಬರಹ ಹೀಗಿರುತ್ತದೆ: ‘ಐರ್ಲೆಂಡಿನ ರಾಷ್ಟ್ರೀಯ ರಸ್ತೆ, 2019 ಅಥವಾ ಅನಂತರ. ವೇಗಮಿತಿ ಗಂಟೆಗೆ 100 ಕಿಲೋಮೀಟರ್. ಸೈಕಲ್ ಸವಾರ ಹಳದಿ ಗೆರೆಯಾಚೆಯ ಅಂಚಿನಲ್ಲಿ ಸಾಗುತ್ತಿದ್ದಾನೆ. ಹತ್ತಿರದ ಭಾಗದಲ್ಲಿ ನಡುಗೆರೆಯು ದೂರ ಹೋಗುವ ವಾಹನಗಳಿಗೆ ದಾಟಲು ಅವಕಾಶ ಕೊಡುತ್ತದೆ. ಕಾರು ಇರುವ ಜಾಗದ ಗೆರೆ ಚಿತ್ರದಲ್ಲಿ ಸ್ಪಷ್ಟವಿಲ್ಲ.’